ಒಣಶುಂಠಿ, ಒಂದು ಕ್ವಾರ್ಟರ್, 14 ದಿನ

ಕರ್ನಾಟಕದ ಮದ್ಯದಂಗಡಿಗಳಲ್ಲಿ ಸಿಗುವ ಬಹುತೇಕ ವೋಡ್ಕಾ ಬಾಟಲಿಗಳ ಮೇಲೆ ಸಣ್ಣ ಅಕ್ಷರದಲ್ಲಿ ಶೇ. 42.8 ಎಂದು ಅಚ್ಚಾಗಿರುತ್ತದೆ. 40 ಅಲ್ಲ, 45 ಅಲ್ಲ, 42.8. ಇದು ಬ್ರಿಟಿಷರು ಬಿಟ್ಟುಹೋದ ಪ್ರೂಫ್ ಲೆಕ್ಕದ ಬಾಕಿ. ಆ ಲೆಕ್ಕದಲ್ಲಿ 100 ಪ್ರೂಫ್ ಎಂದರೆ ನೂರು ಭಾಗ ದ್ರವದಲ್ಲಿ ಸುಮಾರು 57 ಭಾಗ ಆಲ್ಕೋಹಾಲ್. ನಮ್ಮಲ್ಲಿ ಮದ್ಯ 75 ಪ್ರೂಫ್ ಇರಬೇಕೆಂಬುದು ರೂಢಿಯಾಯಿತು, ಅದನ್ನು ಶೇಕಡಾಕ್ಕೆ ತಿರುಗಿಸಿದರೆ 42.8 ಬರುತ್ತದೆ. ಕುಡಿಯುವವರಿಗೆ ಈ ಅಂಕಿಯಿಂದ ಆಗಬೇಕಾದ್ದು ಹೆಚ್ಚೇನಿಲ್ಲ. ಮನೆಯಲ್ಲಿ ಗಿಡಮೂಲಿಕೆಯ ಟಿಂಚರ್ ಮಾಡಲು ಹೊರಟವರಿಗೆ ಮಾತ್ರ ಎಲ್ಲವೂ ಇಲ್ಲಿಂದಲೇ ಶುರುವಾಗುತ್ತದೆ. ಮೂಲಿಕೆಯನ್ನು ಹಸಿಯಾಗಿ ಹಾಕಬೇಕೋ ಒಣಗಿಸಿ ಹಾಕಬೇಕೋ, ಎಷ್ಟು ಹಾಕಬೇಕು, ಹಾಕಿದ್ದು ಕೆಡದೆ ಉಳಿದೀತೇ ಎಂಬುದನ್ನೆಲ್ಲ ಆ ಅಂಕಿಯೇ ತೀರ್ಮಾನಿಸುತ್ತದೆ.

ಟಿಂಚರ್ ಎಂದೊಡನೆ ಹಲವರಿಗೆ ಗಾಯಕ್ಕೆ ಹಚ್ಚುತ್ತಿದ್ದ ಕಂದು ಬಣ್ಣದ ಅಯೋಡಿನ್ನಿನ ಉರಿ ನೆನಪಾದೀತು. ಅದು ಆಲ್ಕೋಹಾಲಿನಲ್ಲಿ ಕರಗಿಸಿದ ಅಯೋಡಿನ್. ಮೂಲಿಕೆಯ ಟಿಂಚರಿನ ಕ್ರಮವೂ ಅದೇ: ಬೇರು, ಎಲೆ ಅಥವಾ ತೊಗಟೆಯನ್ನು ಆಲ್ಕೋಹಾಲಿನಲ್ಲಿ ನೆನೆಹಾಕಿ, ಸಾರ ದ್ರವಕ್ಕೆ ಇಳಿದ ಮೇಲೆ ಸೋಸಿ ಇಟ್ಟುಕೊಳ್ಳುವುದು. ಆಯುರ್ವೇದದ ಆಸವ, ಅರಿಷ್ಟಗಳ ದಾರಿ ಬೇರೆ. ಅಲ್ಲಿ ಆಲ್ಕೋಹಾಲನ್ನು ಹೊರಗಿನಿಂದ ಸುರಿಯುವುದಿಲ್ಲ. ಬೆಲ್ಲ ಮತ್ತು ಧಾತಕಿ ಹೂವು ಹಾಕಿದ ಕಷಾಯ ತಾನೇ ಹುದುಗಿ ಅದು ಒಳಗೇ ಹುಟ್ಟುತ್ತದೆ. ಟಿಂಚರ್ ಮುಖ್ಯವಾಗಿ ಯುರೋಪಿನ ಔಷಧಶಾಲೆಗಳಲ್ಲಿ ಬೆಳೆದ ವಿದ್ಯೆ. ಇಂದು ಅದನ್ನು ಮನೆಗಳಲ್ಲಿ ಹೆಚ್ಚಾಗಿ ಮಾಡುತ್ತಿರುವವರು ಅಮೆರಿಕ ಮತ್ತು ಬ್ರಿಟನ್ನಿನ ಗಿಡಮೂಲಿಕೆ ಆಸಕ್ತರು. ಆದರೂ ಅವರ ಕಪಾಟಿನಲ್ಲಿರುವ ಹಲವು ಸೀಸೆಗಳಲ್ಲಿ ಇರುವುದು ತುಳಸಿ, ಅಶ್ವಗಂಧ, ಅರಿಸಿನ ಮತ್ತು ಶುಂಠಿ.

ಇವುಗಳಲ್ಲಿ ಕಲಿಯುವುದಕ್ಕೆ ಶುಂಠಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ದಿನವೂ ಅಡುಗೆಗೆ ಬೀಳುವ ಪದಾರ್ಥವಾದ್ದರಿಂದ ವಿಷದ ಭಯವಿಲ್ಲ. ಹಾಸನ, ಕೊಡಗು, ಶಿವಮೊಗ್ಗದ ಕಡೆಯ ಹೊಲಗಳಿಂದ ಬಂದ ಹಸಿ ಶುಂಠಿಯೂ ಸಿಗುತ್ತದೆ, ಗ್ರಂಥಿಗೆ ಅಂಗಡಿಯಲ್ಲಿ ಒಣಶುಂಠಿಯೂ ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸಾರ ಇಳಿದಿದೆಯೋ ಇಲ್ಲವೋ ಎಂಬುದನ್ನು ನಾಲಿಗೆಯೇ ಹೇಳಿಬಿಡುತ್ತದೆ.

ಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್ ಎಂಬ ಸಂಯುಕ್ತಗಳು. ಶುಂಠಿ ಒಣಗುವಾಗ ಅವುಗಳಲ್ಲಿ ಒಂದಷ್ಟು ನೀರಿನ ಅಂಶ ಕಳೆದುಕೊಂಡು ಶೋಗಾಲ್ ಆಗುತ್ತವೆ. ಶೋಗಾಲ್ ಇನ್ನೂ ಖಾರ. ಒಣಶುಂಠಿ ಹಾಕಿದ ಕಷಾಯ ಗಂಟಲನ್ನು ಸುಡುವಂತೆ ಹಸಿ ಶುಂಠಿಯ ಚಹಾ ಸುಡದಿರುವುದಕ್ಕೆ ಇದೇ ಕಾರಣ. ಈ ಎರಡೂ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತವೆ. ಶುಂಠಿಯ ಪರಿಮಳದ ಎಣ್ಣೆಯೂ ಹಾಗೆಯೇ. ಇದಕ್ಕೆ ತದ್ವಿರುದ್ಧವಾದದ್ದು ಪಿಷ್ಟ. ಒಣಶುಂಠಿಯ ತೂಕದಲ್ಲಿ ಅರ್ಧದಷ್ಟು ಪಿಷ್ಟವೇ ಇರುತ್ತದೆ. ಅದು ಬಿಸಿನೀರಿನಲ್ಲಿ ಉಬ್ಬಿ ಮಂದವಾಗುತ್ತದೆ, ಗಟ್ಟಿ ಆಲ್ಕೋಹಾಲಿನಲ್ಲಿ ಮಾತ್ರ ಕದಲದೆ ಕೂರುತ್ತದೆ. ಹಾಗಾಗಿ ಆಲ್ಕೋಹಾಲಿನ ಪ್ರಮಾಣ ಹೆಚ್ಚಿದಷ್ಟೂ ಖಾರ ಹೊರಬರುತ್ತದೆ, ಪಿಷ್ಟ ಒಳಗೇ ಉಳಿಯುತ್ತದೆ. ಬ್ರಿಟಿಷ್ ಫಾರ್ಮಕೋಪಿಯಾ ತನ್ನ ಶುಂಠಿ ಟಿಂಚರಿಗೆ ಶೇ. 90ರ ಆಲ್ಕೋಹಾಲನ್ನು ಗೊತ್ತುಮಾಡಿದ್ದರ ಹಿಂದೆ ಈ ತರ್ಕವಿದೆ.

ನಮ್ಮ ಕೈಯಲ್ಲಿರುವುದು ಶೇ. 42.8. ಅಮೆರಿಕದ ಹಲವು ರಾಜ್ಯಗಳಲ್ಲಿ ಶೇ. 95ರ ಧಾನ್ಯದ ಮದ್ಯವೇ ಅಂಗಡಿಯಲ್ಲಿ ಸಿಗುತ್ತದೆ; ಇಲ್ಲಿ ಅಷ್ಟು ಗಟ್ಟಿಯಾದ ರೆಕ್ಟಿಫೈಡ್ ಸ್ಪಿರಿಟ್‌ಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಅಲ್ಲಿನ ಪುಸ್ತಕದ ವಿಧಾನವನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಟಿಂಚರಿನ ಅನುಪಾತವನ್ನು 1:5, 1:2 ಎಂದು ಬರೆಯುತ್ತಾರೆ. ಮೊದಲಿನದು ಮೂಲಿಕೆಯ ತೂಕ, ಗ್ರಾಂನಲ್ಲಿ. ಎರಡನೆಯದು ದ್ರವದ ಅಳತೆ, ಮಿಲಿಲೀಟರಿನಲ್ಲಿ. ಒಣಗಿದ ಮೂಲಿಕೆಗೆ ಸಾಮಾನ್ಯವಾಗಿ 1:5, ಹಸಿ ಮೂಲಿಕೆಗೆ 1:2 ಎಂಬುದು ಪಶ್ಚಿಮದ ಮೂಲಿಕೆ ತಜ್ಞರ ರೂಢಿ. ಹಸಿಯದಕ್ಕೆ ದ್ರವ ಏಕೆ ಕಡಿಮೆ ಎಂದರೆ, ಅದು ತನ್ನ ನೀರನ್ನು ತಾನೇ ಹೊತ್ತು ತರುತ್ತದೆ. ಹಸಿ ಶುಂಠಿಯಲ್ಲಿ ನೂರಕ್ಕೆ 80 ಭಾಗದಷ್ಟು ನೀರು. 100 ಗ್ರಾಂ ಹಸಿ ಶುಂಠಿಗೆ ಶೇ. 95ರ ಮದ್ಯ 200 ಮಿಲಿ ಸುರಿದರೆ, ಒಳಗೆ 190 ಮಿಲಿ ಶುದ್ಧ ಆಲ್ಕೋಹಾಲ್ ಇದ್ದಂತಾಯಿತು. ಶುಂಠಿಯ 80 ಮಿಲಿ ನೀರು ಸೇರಿ ಒಟ್ಟು ದ್ರವ 280 ಮಿಲಿ. ಆಲ್ಕೋಹಾಲ್ ಸುಮಾರು ಶೇ. 68ಕ್ಕೆ ಇಳಿಯುತ್ತದೆ. ಇದು ಶುಂಠಿಯ ಖಾರವನ್ನು ಎಳೆಯಲು ಧಾರಾಳ ಸಾಕು. ಅದೇ ಜಾಗದಲ್ಲಿ ನಮ್ಮ ವೋಡ್ಕಾ ಸುರಿದರೆ ಒಳಗಿರುವ ಆಲ್ಕೋಹಾಲ್ 86 ಮಿಲಿಗಿಂತ ಕಡಿಮೆ. 280ರಲ್ಲಿ ಅದು ಶೇ. 30ರ ಆಸುಪಾಸು. ಕೆಡುವುದಿಲ್ಲ, ಏಕೆಂದರೆ ಶೇ. 25ರ ಮೇಲಿದ್ದರೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯಲಾರವು. ಆದರೆ ಆ ದ್ರವ ಖಾರದ ಅಂಶವನ್ನು ಅರೆಬರೆಯಾಗಿ ಬಿಡಿಸುತ್ತದೆ, ಕಲಕಿದ ಗಂಜಿಯಂತೆ ಕಾಣುತ್ತದೆ.

ಆದ್ದರಿಂದ ಇಲ್ಲಿನ ಅಡುಗೆಮನೆಗೆ ಹೊಂದುವುದು ಒಣಶುಂಠಿಯೇ. ಅದು ತರುವ ನೀರು ಹತ್ತರಲ್ಲಿ ಒಂದು ಭಾಗವಷ್ಟೇ, ಬಾಟಲಿಯಲ್ಲಿದ್ದ ಶೇ. 42.8 ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಶೇ. 90ರಲ್ಲಿ ಮಾಡಿದಷ್ಟು ಖಾರ ಇದಕ್ಕೆ ಬರುವುದಿಲ್ಲ ಎಂಬುದು ನಿಜ. ಒಣಗಿದಾಗ ಹುಟ್ಟಿದ ಶೋಗಾಲ್ ಆ ಕೊರತೆಯನ್ನು ಸ್ವಲ್ಪ ತುಂಬಿಕೊಡುತ್ತದೆ.

ಲೆಕ್ಕಕ್ಕೆ ಅನುಕೂಲವಾದ ಇನ್ನೊಂದು ಸಂಗತಿ ಇದೆ. ಇಲ್ಲಿ ಕ್ವಾರ್ಟರ್ ಬಾಟಲಿ ಎಂದರೆ 180 ಮಿಲಿ. ಅದನ್ನು ಐದರಿಂದ ಭಾಗಿಸಿದರೆ 36. ಅಂದರೆ ಒಂದು ಕ್ವಾರ್ಟರಿಗೆ 36 ಗ್ರಾಂ ಒಣಶುಂಠಿ ಹಾಕಿದರೆ 1:5 ಕರಾರುವಾಕ್ಕಾಗಿ ಕೂಡಿಬಂತು. ರಮ್ಮು, ವಿಸ್ಕಿಗಳಲ್ಲೂ ಆಲ್ಕೋಹಾಲ್ ಅಷ್ಟೇ ಇರುತ್ತದೆ. ಆದರೆ ಅವುಗಳ ಬಣ್ಣ ಮತ್ತು ವಾಸನೆ ಶುಂಠಿಯದನ್ನು ಮುಚ್ಚಿಬಿಡುವುದರಿಂದ, ಯಾವ ದಿನ ಏನು ಇಳಿಯಿತೆಂದು ತಿಳಿಯುವುದಿಲ್ಲ. ಬಣ್ಣವಿಲ್ಲದ, ಸುವಾಸನೆ ಬೆರೆಸದ ವೋಡ್ಕಾ ಒಳ್ಳೆಯದು.

ಒಣಶುಂಠಿ ಆರಿಸುವಾಗ ಬಿಳಿಬಿಳಿಯಾಗಿ ಹೊಳೆಯುವ ತುಂಡುಗಳಿಗೆ ಮರುಳಾಗಬಾರದು. ನೋಟಕ್ಕೂ ಹುಳು ತಡೆಯಲಿಕ್ಕೂ ಸುಣ್ಣದ ನೀರಿನಲ್ಲಿ ಅದ್ದಿ ಒಣಗಿಸಿದ ಶುಂಠಿಯೂ ಮಾರುಕಟ್ಟೆಯಲ್ಲಿದೆ. ಬೆರಳಿಗೆ ಬಿಳಿ ಹುಡಿ ಹತ್ತಿದರೆ ಅದು ಸುಣ್ಣ. ಮಾಸಲು ಕಂದು ಬಣ್ಣದ, ಮುರಿದಾಗ ಒಳಗೆ ನಾರು ಕಾಣುವ, ಮೂಗಿಗೆ ಹಿಡಿದರೆ ಘಾಟು ಹೊಡೆಯುವ ಗೆಡ್ಡೆ ಬೇಕು. ಸಣ್ಣ ಸಣ್ಣ ತೂತುಗಳಿದ್ದರೆ ಹುಳು ತಿಂದಿದೆ, ಬೇಡ. ಪ್ಯಾಕೆಟ್ಟಿನಲ್ಲಿ ಬರುವ ಶುಂಠಿಪುಡಿಯೂ ಬೇಡ. ಅದು ಎಷ್ಟು ಹಳೆಯದೆಂದು ಗೊತ್ತಾಗುವುದಿಲ್ಲ, ಸೋಸುವಾಗ ಬಟ್ಟೆಯ ಕಣ್ಣುಗಳನ್ನೆಲ್ಲ ಮುಚ್ಚಿಬಿಡುತ್ತದೆ.

ಗೆಡ್ಡೆಯನ್ನು ಕುಟ್ಟಾಣಿಯಲ್ಲಿ ಹಾಕಿ ದಪ್ಪ ರವೆಯ ಹದಕ್ಕೆ ಕುಟ್ಟಬೇಕು. ತುಂಡು ದೊಡ್ಡದಾದರೆ ಆಲ್ಕೋಹಾಲ್ ಅದರ ನಡುಭಾಗವನ್ನು ಮುಟ್ಟಲು ವಾರಗಳು ಬೇಕಾಗುತ್ತವೆ, ಹಿಟ್ಟಾದರೆ ಸೋಸುವುದು ಕಷ್ಟ. ಕುಟ್ಟಿದ ಮೇಲೆ ತೂಗುವುದು ಸರಿಯಾದ ಕ್ರಮ, ಏಕೆಂದರೆ ಕುಟ್ಟುವಾಗ ನಾರು, ಹುಡಿ ಒಂದಷ್ಟು ನಷ್ಟವಾಗುತ್ತದೆ. ಅಡುಗೆಯ ಡಿಜಿಟಲ್ ತಕ್ಕಡಿ ಇಲ್ಲದವರು ಚಮಚದಲ್ಲಿ ಅಂದಾಜು ಮಾಡುವುದುಂಟು. ಅಮೆರಿಕದಲ್ಲಿ ಇದಕ್ಕೆ ಜನಪದ ವಿಧಾನವೆಂದೇ ಹೆಸರು: ಜಾಡಿಯ ಅರ್ಧಕ್ಕೆ ಮೂಲಿಕೆ ತುಂಬು, ಮುಳುಗುವಷ್ಟು ಮದ್ಯ ಸುರಿ. ಅದರಲ್ಲೂ ಟಿಂಚರ್ ಆಗುತ್ತದೆ, ಅದರ ಬಲ ಎಷ್ಟೆಂದು ಮಾಡಿದವರಿಗೂ ಗೊತ್ತಿರುವುದಿಲ್ಲ. ಔಷಧದ ಕೆಲಸಕ್ಕೆ ಬಳಸುವ ವಸ್ತುವಿನಲ್ಲಿ ಇದನ್ನು ಒಪ್ಪುವುದು ಕಷ್ಟ.

ತೂಗಿದ 36 ಗ್ರಾಂ ಶುಂಠಿಯನ್ನು ತೊಳೆದು ಚೆನ್ನಾಗಿ ಒಣಗಿಸಿದ ಗಾಜಿನ ಜಾಡಿಗೆ ಹಾಕಿ, ಇಡೀ ಕ್ವಾರ್ಟರನ್ನು ಸುರಿಯಬೇಕು. 250ರಿಂದ 300 ಮಿಲಿ ಹಿಡಿಯುವ ಜಾಡಿ ಸಾಕು. ಪ್ಲಾಸ್ಟಿಕ್ ಕೂಡದು, ಆಲ್ಕೋಹಾಲ್ ಅದರೊಳಗಿನ ಅಂಶಗಳನ್ನೂ ಕರಗಿಸಿಕೊಳ್ಳುತ್ತದೆ. ಮುಚ್ಚಳ ತಗಡಿನದಾದರೆ ನಡುವೆ ಬೇಕಿಂಗ್ ಕಾಗದದ ಒಂದು ತುಂಡು ಇಡುವುದು ವಾಸಿ. ಮಾರನೆಯ ದಿನ ನೋಡಿದರೆ ಶುಂಠಿ ಉಬ್ಬಿ, ದ್ರವದ ಮಟ್ಟ ಇಳಿದಿರುತ್ತದೆ. ಆಗ ಗಾಬರಿಯಾಗಿ ಇನ್ನಷ್ಟು ವೋಡ್ಕಾ ಸುರಿದರೆ ಅನುಪಾತ ಕೆಟ್ಟಿತು. ಶುಂಠಿ ಎಲ್ಲವೂ ಮುಳುಗಿರುವವರೆಗೆ ಏನೂ ಮಾಡಬೇಕಿಲ್ಲ. ಮುಳುಗದೆ ಮೇಲೆ ನಿಂತಿದ್ದರೆ ಅಳೆದು ಸುರಿದು, ಸುರಿದ ಲೆಕ್ಕವನ್ನು ಬರೆದಿಟ್ಟುಕೊಳ್ಳಬೇಕು. ಇನ್ನೊಂದು 36 ಮಿಲಿ ಸುರಿದರೆ ಅದು 1:6 ಆಯಿತು, ಅಷ್ಟೇ. ತಪ್ಪೇನಿಲ್ಲ, ಗೊತ್ತಿರಬೇಕು.

ಜಾಡಿಯನ್ನು ಬಿಸಿಲು ಬೀಳದ ಕಪಾಟಿನಲ್ಲಿಟ್ಟು ದಿನಕ್ಕೊಂದೆರಡು ಸಲ ಅಲುಗಾಡಿಸಬೇಕು. ಬೇಗ ಆಗಲೆಂದು ಒಲೆಯ ಮೇಲೆ ಬೆಚ್ಚಗೆ ಮಾಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಆಲ್ಕೋಹಾಲಿನ ಆವಿಗೆ ಗ್ಯಾಸ್ ಒಲೆಯ ಕಿಡಿ ತಾಗಿದರೆ ಬೆಂಕಿ ಹತ್ತುತ್ತದೆ. ಆ ದಾರಿ ಬೇಡವೇ ಬೇಡ.

ಎಷ್ಟು ದಿನ ನೆನೆಯಬೇಕು? ಇದರಲ್ಲಿ ಒಮ್ಮತವಿಲ್ಲ, ಭಿನ್ನಮತಕ್ಕೆ ಕಾರಣವಿದೆ. ಅಮೆರಿಕದ ಫಾರ್ಮಕೋಪಿಯಾ ನೆನೆಹಾಕಿ ಮಾಡುವ ಟಿಂಚರಿಗೆ 3 ದಿನ ಎಂದಿತ್ತು. ಬ್ರಿಟಿಷರ ಹಳೆಯ ವಿಧಿ 7 ದಿನ. ಮನೆಯಲ್ಲಿ ಮಾಡುವವರು ಎರಡು ವಾರದಿಂದ ಆರು ವಾರದವರೆಗೆ ಇಡುತ್ತಾರೆ. ಅಮಾವಾಸ್ಯೆಯಂದು ಹಾಕಿ ಹುಣ್ಣಿಮೆಗೆ ತೆಗೆಯುವ ಪದ್ಧತಿಯೂ ಪಶ್ಚಿಮದ ಮೂಲಿಕೆಗಾರರಲ್ಲಿ ಉಂಟು. ಎಣಿಸಿದರೆ ಅದೂ ಎರಡು ವಾರವೇ. ಔಷಧಶಾಲೆಯಲ್ಲಿ ಪುಡಿ ಒಂದೇ ಹದಕ್ಕಿರುತ್ತದೆ, ಆಗಾಗ ಕಲಕುವ ಕೈ ಇರುತ್ತದೆ, ಹಾಗಾಗಿ ಮೂರು ದಿನ ಸಾಲುತ್ತದೆ. ಮನೆಯಲ್ಲಿ ಕುಟ್ಟಿದ ಶುಂಠಿಯಲ್ಲಿ ದಪ್ಪ ತುಣುಕೂ ಇರುತ್ತದೆ, ಅಲುಗಾಡಿಸುವುದು ಮರೆತೂ ಹೋಗುತ್ತದೆ. ಅದಕ್ಕೆ 14 ದಿನ ನ್ಯಾಯವಾದ ಗಡುವು.

ಅದಕ್ಕಿಂತ ಹೆಚ್ಚು ಇಟ್ಟರೆ ಹೆಚ್ಚು ಬಲ ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಸಾರ ಇಳಿಯುವುದು ಶುಂಠಿಯ ಒಳಗಿನ ರಸಕ್ಕೂ ಹೊರಗಿನ ದ್ರವಕ್ಕೂ ವ್ಯತ್ಯಾಸ ಇರುವವರೆಗೆ ಮಾತ್ರ. ಮೊದಲ ಕೆಲವು ದಿನ ಆ ವ್ಯತ್ಯಾಸ ದೊಡ್ಡದು, ಬಣ್ಣವೂ ಬೇಗ ಏರುತ್ತದೆ. ಒಳಗೂ ಹೊರಗೂ ಸಮವಾದ ಮೇಲೆ ಜಾಡಿ ಆರು ತಿಂಗಳು ಕೂತರೂ ಹೊಸದಾಗಿ ಏನೂ ಬರುವುದಿಲ್ಲ. ಕಡಿಮೆ ಶುಂಠಿ ಹಾಕಿದ ತಪ್ಪನ್ನು ಹೆಚ್ಚು ದಿನ ಇಟ್ಟು ಸರಿಪಡಿಸಲಾಗದು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹತ್ತನೆಯ ದಿನ ನಾಲ್ಕು ಹನಿ ತೆಗೆದು ಕಾಲು ಲೋಟ ನೀರಿಗೆ ಬಿಟ್ಟು ರುಚಿ ನೋಡುವುದು, ಹದಿನಾಲ್ಕನೆಯ ದಿನ ಅದೇ ಅಳತೆಯಲ್ಲಿ ಮತ್ತೆ ನೋಡುವುದು. ಖಾರದಲ್ಲಿ ವ್ಯತ್ಯಾಸ ಕಾಣದಿದ್ದರೆ ಕೆಲಸ ಮುಗಿಯಿತು. ನೀರಿಗೆ ಬಿದ್ದ ಹನಿಯ ಸುತ್ತ ತೆಳ್ಳಗೆ ಮಬ್ಬು ಹರಡಿದರೆ ಅದು ಒಳ್ಳೆಯ ಲಕ್ಷಣ. ಆಲ್ಕೋಹಾಲಿನಲ್ಲಿ ಕರಗಿದ್ದ ಎಣ್ಣೆ ಮತ್ತು ರಾಳ ನೀರಿನಲ್ಲಿ ಕರಗಲಾರದೆ ಸಣ್ಣ ಕಣಗಳಾಗಿ ಒಡೆಯುವುದರಿಂದ ಹಾಗಾಗುತ್ತದೆ.

ಸೋಸುವುದಕ್ಕೆ ತೊಳೆದ ತೆಳು ಹತ್ತಿಬಟ್ಟೆ ಬೇಕು. ದ್ರವ ತಾನಾಗಿ ಇಳಿದ ಮೇಲೆ ಬಟ್ಟೆಯನ್ನು ಗಂಟುಕಟ್ಟಿ ಬಲವಾಗಿ ಹಿಂಡಬೇಕು. ಚರಟದಲ್ಲಿ ಉಳಿಯುವ ದ್ರವವೂ ಅಷ್ಟೇ ಬಲದ್ದು, ಸುಮ್ಮನೆ ಎಸೆಯುವಂಥದ್ದಲ್ಲ. ಎಷ್ಟು ಹಿಂಡಿದರೂ ಸುರಿದ 180 ಮಿಲಿಯಲ್ಲಿ 130ರಿಂದ 145 ಮಿಲಿ ಕೈಗೆ ಬಂದರೆ ಚೆನ್ನಾಗಿಯೇ ಆಯಿತೆನ್ನಬೇಕು. ಮೊದಲು ಅದು ಕಲಕಲಾಗಿ ಕಾಣುತ್ತದೆ. ಒಂದು ರಾತ್ರಿ ಬಿಟ್ಟರೆ ತಳದಲ್ಲಿ ಬೆಳ್ಳಗೆ ಗಸಿ ನಿಲ್ಲುತ್ತದೆ, ಅದು ಹೆಚ್ಚಿನಂಶ ಪಿಷ್ಟ. ಮೇಲಿನ ಹೊಂಬಣ್ಣದ ತಿಳಿಯನ್ನು ನಿಧಾನವಾಗಿ ಬಗ್ಗಿಸಿ, ಕಾಫಿ ಸೋಸುವ ಕಾಗದದಲ್ಲಿ ಇಳಿಸಿ, ಕಂದು ಗಾಜಿನ ಸೀಸೆಗೆ ತುಂಬಬೇಕು. ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಟ್ಟರೆ ಹಲವು ವರ್ಷ ಕೆಡದು. ಮುಂದೆಂದಾದರೂ ಹುಳಿ ವಾಸನೆ ಬಂದರೆ ಅಥವಾ ಮೇಲೆ ಪೊರೆ ಕಟ್ಟಿದರೆ, ಎಲ್ಲೋ ನೀರು ಸೇರಿದೆ ಎಂದೇ ಅರ್ಥ. ಅದನ್ನು ಸೋಸಿ ಬಳಸುವಂತಿಲ್ಲ, ಚೆಲ್ಲಬೇಕು.

ಶುಂಠಿ ಟಿಂಚರಿನ ಇತಿಹಾಸದಲ್ಲಿ ಒಂದು ಘೋರ ಅಧ್ಯಾಯವಿದೆ. ಅನುಪಾತದ ವಿಷಯ ಬಂದಾಗ ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಆಗ ಜಮೈಕಾ ಶುಂಠಿ ಎಂಬ ಪುಟ್ಟ ಸೀಸೆಯ ಔಷಧ ಅಂಗಡಿಗಳಲ್ಲಿ ಸಿಗುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಆಲ್ಕೋಹಾಲ್. ಜನ ಅದನ್ನು ಮದ್ಯದ ಬದಲಿಗೆ ಕುಡಿಯತೊಡಗಿದಾಗ, ಬಾಯಿಗೆ ಇಡಲಾಗದಷ್ಟು ಶುಂಠಿಸಾರ ಇರಲೇಬೇಕೆಂದು ಸರ್ಕಾರ ನಿಯಮ ಮಾಡಿತು. ಇನ್‌ಸ್ಪೆಕ್ಟರುಗಳು ಸೀಸೆಯ ದ್ರವವನ್ನು ಕುದಿಸಿ ಇಂಗಿಸಿ, ತಳದಲ್ಲಿ ಉಳಿದದ್ದನ್ನು ತೂಗುತ್ತಿದ್ದರು. ತೂಕ ಸರಿಯಿದ್ದರೆ ಸಾಕಿತ್ತು, ಉಳಿದದ್ದು ಶುಂಠಿಯೇ ಹೌದೋ ಎಂದು ನೋಡುತ್ತಿರಲಿಲ್ಲ. ಕಳ್ಳವ್ಯಾಪಾರಿಗಳು ಶುಂಠಿಯನ್ನು ಕಡಿಮೆ ಮಾಡಿ ಹರಳೆಣ್ಣೆಯಂಥ ವಸ್ತುಗಳನ್ನು ಬೆರೆಸಿದರು. ಕೊನೆಗೆ ಬಾಸ್ಟನ್ನಿನ ಇಬ್ಬರು ವ್ಯಾಪಾರಿಗಳು ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ಒಂದು ರಾಸಾಯನಿಕವನ್ನು ಸೇರಿಸಿದರು. ಅದು ನರಗಳಿಗೆ ವಿಷ. 1930ರ ಫೆಬ್ರವರಿಯಲ್ಲಿ ಒಕ್ಲಹೋಮ ಸಿಟಿಯ ವೈದ್ಯರ ಬಳಿಗೆ ಪಾದ ಎತ್ತಲಾಗದ ರೋಗಿಗಳು ಬರತೊಡಗಿದರು. ವರ್ಷ ಮುಗಿಯುವಷ್ಟರಲ್ಲಿ ಹತ್ತಾರು ಸಾವಿರ ಜನ, ಹೆಚ್ಚಿನವರು ಬಡವರು, ಕಾಲಿನ ಬಲ ಕಳೆದುಕೊಂಡಿದ್ದರು.

ಭಾರತದಲ್ಲೂ ಶುಂಠಿ ಟಿಂಚರನ್ನು ಮದ್ಯವಾಗಿ ಕುಡಿದ ಕಾಲವಿತ್ತು. ಆಲ್ಕೋಹಾಲ್ ಇರುವ ಔಷಧಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ನಿಯಂತ್ರಿಸಲು ಸಂಸತ್ತು 1955ರಲ್ಲಿ ಒಂದು ಕಾನೂನನ್ನೇ ತಂದಿತು. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ಮುನ್ನೂರರಷ್ಟು ಜನ ಸತ್ತದ್ದು ಮೀಥೈಲ್ ಆಲ್ಕೋಹಾಲಿನಿಂದ. ಇದನ್ನೆಲ್ಲ ನೆನೆದಾಗ ಒಂದು ವಿಷಯದಲ್ಲಿ ರಾಜಿಯೇ ಇಲ್ಲ: ಸೀಲು ಒಡೆಯದ, ಅಂಗಡಿಯಲ್ಲಿ ಬಿಲ್ಲಿಗೆ ಕೊಂಡ ಮದ್ಯವನ್ನಷ್ಟೇ ಬಳಸಬೇಕು. ಬಣ್ಣದಂಗಡಿಯ ಡಿನೇಚರ್ಡ್ ಸ್ಪಿರಿಟ್, ಔಷಧದಂಗಡಿಯ ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್ ಇವು ಎಷ್ಟೇ ಗಟ್ಟಿಯಾಗಿದ್ದರೂ ಹೊಟ್ಟೆಗೆ ಹೋಗುವ ವಸ್ತುಗಳಲ್ಲ.

ಶುಂಠಿಗೆ ಒಗ್ಗಿದ ಅನುಪಾತ ಎಲ್ಲ ಗಿಡಕ್ಕೂ ಒಗ್ಗದು. ಆಲ್ಕೋಹಾಲ್ ಔಷಧವನ್ನು ಎಳೆಯುವಂತೆ ವಿಷವನ್ನೂ ಎಳೆಯುತ್ತದೆ. ತೀಕ್ಷ್ಣ ಮೂಲಿಕೆಗಳ ಟಿಂಚರ್ ಒಂದು ದೇಶದಲ್ಲಿ ಒಂದು ಬಲ, ಇನ್ನೊಂದರಲ್ಲಿ ಇನ್ನೊಂದು ಬಲ ಇದ್ದು ಅಪಾಯವಾಗುತ್ತಿದ್ದುದರಿಂದಲೇ 1906ರ ಬ್ರಸೆಲ್ಸ್ ಒಪ್ಪಂದದಲ್ಲಿ ಹಲವು ದೇಶಗಳು ಅವನ್ನು ಹತ್ತಕ್ಕೊಂದರ ಬಲದಲ್ಲೇ ಮಾಡಬೇಕೆಂದು ಒಪ್ಪಿದವು. ದತ್ತೂರ, ಕಣಗಿಲೆಯಂಥ ಗಿಡಗಳನ್ನು ಮನೆಯಲ್ಲಿ ಯಾವ ಅನುಪಾತದಲ್ಲೂ ನೆನೆಹಾಕಬಾರದು.

ಇನ್ನು ಸೇವನೆ. 1:5ರ ಅನುಕೂಲವೇ ಇಲ್ಲಿ ಕಾಣುವುದು: ಒಂದು ಮಿಲಿಯಲ್ಲಿ ಒಂದು ಗ್ರಾಮಿನ ಐದನೇ ಒಂದು ಭಾಗದಷ್ಟು ಒಣಶುಂಠಿಯ ಸಾರ ಇದೆಯೆಂದು ಲೆಕ್ಕ. ಊಟದ ನಂತರದ ಹೊಟ್ಟೆಯುಬ್ಬರಕ್ಕೋ ಪ್ರಯಾಣದ ವಾಕರಿಕೆಗೋ ವಯಸ್ಕರು ಒಂದೆರಡು ಮಿಲಿಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಯುತ್ತಾರೆ. ನೀರಿಗೆ ಹಾಕದೆ ನಾಲಿಗೆಗೆ ಬಿಟ್ಟುಕೊಂಡರೆ ಬಾಯಿ ಉರಿಯುತ್ತದೆ. ಬಿಸಿನೀರಿಗೆ ಹಾಕಿದರೆ ಆಲ್ಕೋಹಾಲೆಲ್ಲ ಹಾರಿಹೋಗುತ್ತದೆಂಬ ಮಾತು ಸುಳ್ಳು, ಬಹುಪಾಲು ಲೋಟದಲ್ಲೇ ಉಳಿಯುತ್ತದೆ. ಹಾಗಾಗಿ ಮಕ್ಕಳಿಗೆ, ಗರ್ಭಿಣಿಯರಿಗೆ, ಕುಡಿತ ಬಿಟ್ಟವರಿಗೆ, ಯಕೃತ್ತಿನ ಕಾಯಿಲೆಯವರಿಗೆ ಇದು ಸಲ್ಲದು. ಶುಂಠಿಯ ಗುಣವನ್ನು ಹೆಚ್ಚು ಅಧ್ಯಯನ ಮಾಡಿರುವುದು ಬಸುರಿಯರ ವಾಕರಿಕೆಯ ವಿಷಯದಲ್ಲೇ. ಅವರು ವೈದ್ಯರನ್ನು ಕೇಳಿ ಶುಂಠಿಯನ್ನು ಚಹಾದಲ್ಲೋ ಊಟದಲ್ಲೋ ತೆಗೆದುಕೊಳ್ಳಬಹುದು, ಟಿಂಚರಿನಲ್ಲಲ್ಲ. ಮೆಟ್ರೊನಿಡಜೋಲ್ ಮಾತ್ರೆ ನುಂಗುತ್ತಿರುವಾಗ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ತೆಗೆದುಕೊಳ್ಳುತ್ತಿರುವಾಗ ಇದರ ಹನಿಯೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಸೀಸೆಗೆ ಅಂಟಿಸುವ ಚೀಟಿಯಲ್ಲಿ ಇಷ್ಟು ಇರಬೇಕು: ಒಣಶುಂಠಿ, 1:5, ಆಲ್ಕೋಹಾಲ್ ಶೇ. 42.8, ನೆನೆಹಾಕಿದ ತಾರೀಕು, ಸೋಸಿದ ತಾರೀಕು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಇದರಲ್ಲಿ ಮದ್ಯವಿದೆ, ಮಕ್ಕಳ ಕೈಗೆ ಸಿಗಬಾರದು ಎಂದು ಬರೆಯಬೇಕು. ಮನೆಮಂದಿಯ ಬಳಕೆ ದಾಟಿ ಮಾರಾಟಕ್ಕೆ ಇಳಿದರೆ ಔಷಧ ಮತ್ತು ಅಬಕಾರಿ ಕಾನೂನುಗಳೆರಡೂ ಅಡ್ಡಬರುತ್ತವೆ, ಪರವಾನಗಿ ಇಲ್ಲದೆ ಒಂದು ಸೀಸೆಯನ್ನೂ ಮಾರುವಂತಿಲ್ಲ.